‘ಯಾರೂ ಮಾಡಿಲ್ಲ’ ಅನ್ನೋದು ಕಾರಣ ಅಲ್ಲ



ಸ್ವಲ್ಪ ಉದ್ದದ ಬರಹ ಇದು. ಪಿಎಚ್.ಡಿ. ಮಾಡ್ತಿರೋ ನಮ್ಮ ಹುಡುಗ ಹುಡುಗಿಯರಿಗಾಗಿ ಬರೀತಿದ್ದೀನಿ. ಉಳಿದವರೂ ಓದಬಹುದು, ಯಾಕಂದ್ರೆ ವಿಷಯ ಕೊನೆಗೆ ಬಂದು ನಿಲ್ಲೋದು ನಮ್ಮ ಭೂಮಿ ಹತ್ತಿರಾನೇ.

ಮಹಾಪ್ರಬಂಧದ ಪ್ರಸ್ತಾವನೆಯಲ್ಲಿ ಒಂದು ಪ್ಯಾರಾ ಇರುತ್ತೆ. ಈಗಾಗಲೇ ಏನು ಗೊತ್ತಿದೆ, ಏನು ಗೊತ್ತಿಲ್ಲ, ಅದಕ್ಕೇ ನನ್ನ ಅಧ್ಯಯನ ಬೇಕು ಅಂತ ಹೇಳೋ ಜಾಗ ಅದು. ವಿಶ್ವವಿದ್ಯಾಲಯದವರು ‘ಸಂಶೋಧನಾ ಅಂತರ’ ಅಂತಾರೆ, ಹುಡುಗರು ‘ಗ್ಯಾಪ್’ ಅಂತಾರೆ. ನಾನು ಬಿ.ಎ. ಓದಿ ಕ್ಲರ್ಕ್ ಕೆಲಸಕ್ಕೆ ಸೇರಿದವಳು, ಪಿಎಚ್.ಡಿ. ಮಾಡಿಲ್ಲ. ಆದ್ರೂ ನನ್ನ ಹತ್ತಿರ ಈ ಪ್ಯಾರಾಗಳು ಬರುತ್ತವೆ. ಜಮೀನಿನ ಅರ್ಜಿ, ಮೇಲ್ಮನವಿ ಅಂತ ನಮ್ಮ ಜನರ ಕಾಗದ ಪತ್ರ ನೋಡ್ಕೊಂಡು ಬಂದಿರೋದ್ರಿಂದ ‘ಅಕ್ಕಾ, ಮಾಹಿತಿ ಬೇಕಿತ್ತು’ ಅಂತ ಬರೋ ಹುಡುಗರು ಪ್ರಸ್ತಾವನೆಯನ್ನೂ ತೋರಿಸ್ತಾರೆ. ಹತ್ತರಲ್ಲಿ ಎಂಟು ಪ್ರಸ್ತಾವನೆಯಲ್ಲಿ ಒಂದೇ ವಾಕ್ಯ ಇರುತ್ತೆ: ‘ಈ ವಿಷಯದ ಬಗ್ಗೆ ಇದುವರೆಗೆ ಯಾವುದೇ ಸಮಗ್ರ ಅಧ್ಯಯನ ನಡೆದಿಲ್ಲ. ಆದ್ದರಿಂದ ಪ್ರಸ್ತುತ ಅಧ್ಯಯನ ಅಗತ್ಯವಾಗಿದೆ.’

ಆಫೀಸಲ್ಲಿ ಕಡತದ ಟಿಪ್ಪಣಿ ಬರೆದೋರಿಗೆ ಈ ವಾಕ್ಯದ ಕೊರತೆ ತಕ್ಷಣ ಕಾಣುತ್ತೆ. ‘ಇದುವರೆಗೆ ಯಾರೂ ಕೇಳಿಲ್ಲ, ಆದ್ದರಿಂದ ಮಂಜೂರು ಮಾಡಬಹುದು’ ಅಂತ ನಾನು ಟಿಪ್ಪಣಿ ಮಂಡಿಸಿದ್ರೆ ಕಡತ ಸಂಜೆಯೊಳಗೆ ನನ್ನ ಟೇಬಲ್‌ಗೇ ವಾಪಸ್ ಬರುತ್ತೆ. ಟಿಪ್ಪಣಿಯಲ್ಲಿ ಮೊದಲು ಹಿಂದಿನ ಪತ್ರ ವ್ಯವಹಾರ ಹೇಳಬೇಕು. ಆಮೇಲೆ ವಿಷಯ ಯಾವ ಹಂತದಲ್ಲಿ ನಿಂತಿದೆ ಅಂತ ಹೇಳಬೇಕು. ನಿಂತಿರೋದ್ರಿಂದ ಏನು ತೊಂದರೆ ಅಂತ ಹೇಳಬೇಕು. ಕೊನೆಗೆ ‘ಆದೇಶಕ್ಕಾಗಿ ಮಂಡಿಸಿದೆ’. ಈ ಕ್ರಮದಲ್ಲಿ ಬರೆದಿದ್ರೆ ಸಹಿ ಹಾಕೋ ಅಧಿಕಾರಿಗೆ ‘ಹೌದು, ಇದು ಬೇಕು’ ಅಂತ ತಾನಾಗೇ ಅನ್ನಿಸುತ್ತೆ. ಗ್ಯಾಪ್ ಬರೆಯೋದೂ ಹೆಚ್ಚು ಕಡಿಮೆ ಇಂಥದ್ದೇ ಕೆಲಸ. ‘ಅಗತ್ಯ’ ಅನ್ನೋ ಪದ ಕೊನೆಗೆ ಬರಬೇಕು, ಅಷ್ಟರಲ್ಲಿ ಓದೋರು ಅದನ್ನ ಆಗಲೇ ಒಪ್ಪಿರಬೇಕು.

ಒಂದು ಉದಾಹರಣೆ ಇಟ್ಕೊಂಡು ಹೇಳ್ತೀನಿ. ನಮ್ಮ ಕಡೆಯ ಒಬ್ಬ ಹುಡುಗಿ ಪಿಟಿಸಿಎಲ್ ಕಾಯ್ದೆ ಮೇಲೆ ಸಂಶೋಧನೆ ಮಾಡ್ತಿದ್ದಾಳೆ. ಕಾಯ್ದೆ ಗೊತ್ತಿಲ್ಲದವರಿಗೆ ಎರಡು ಮಾತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಪರಭಾರೆ ಮಾಡೋದನ್ನ ನಿಷೇಧಿಸೋ 1978ರ ಕರ್ನಾಟಕದ ಕಾಯ್ದೆ ಇದು. 1979ರ ಜನವರಿ 1ರಿಂದ ಜಾರಿಯಲ್ಲಿದೆ. ಮಂಜೂರಾತಿ ಷರತ್ತು ಮೀರಿ ಮಾರಾಟ ಆಗಿದ್ರೆ, ಆ ಮಾರಾಟ ಕಾಯ್ದೆಗಿಂತ ಮುಂಚಿನದಾದ್ರೂ ಅಸಿಂಧು. ಉಪವಿಭಾಗಾಧಿಕಾರಿ, ಅಂದ್ರೆ ನಾವು ಎಸಿ ಅನ್ನೋರು, ಆ ಜಮೀನನ್ನ ವಶಕ್ಕೆ ತಗೊಂಡು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ವಾಪಸ್ ಕೊಡಬೇಕು. ಕಾಯ್ದೆ ಸರಿ ಇದೆ ಅಂತ ಸುಪ್ರೀಂ ಕೋರ್ಟ್ 1984ರಲ್ಲೇ ಮಂಚೇಗೌಡ ಪ್ರಕರಣದಲ್ಲಿ ಎತ್ತಿ ಹಿಡಿದಿದೆ.

ಆ ಹುಡುಗಿ ಮೊದಲು ಬರ್ಕೊಂಡು ಬಂದಿದ್ದು ಹೀಗಿತ್ತು: ‘ಪಿಟಿಸಿಎಲ್ ಕಾಯ್ದೆಯ ಬಗ್ಗೆ ಹಲವಾರು ಅಧ್ಯಯನಗಳು ನಡೆದಿವೆ. ಆದರೆ ನಮ್ಮ ತಾಲ್ಲೂಕಿಗೆ ಸಂಬಂಧಿಸಿದಂತೆ ಯಾವುದೇ ಅಧ್ಯಯನ ನಡೆದಿಲ್ಲ.’

‘ಅಕ್ಕಾ, ಗೈಡ್ ಸರ್ ಇದರಲ್ಲಿ ಗ್ಯಾಪ್ ಕಾಣ್ತಿಲ್ಲ ಅಂತಾರೆ. ಯಾರೂ ಮಾಡಿಲ್ಲ ಅನ್ನೋದೇ ಗ್ಯಾಪ್ ಅಲ್ವಾ?’ ಅಂದ್ಲು.

‘ತಾಲ್ಲೂಕಿನ ಹೆಸರು ತೆಗೆದು ಪಕ್ಕದ ತಾಲ್ಲೂಕಿನ ಹೆಸರು ಹಾಕಿ ಓದಮ್ಮ’ ಅಂದೆ. ಓದಿದ್ಲು. ವಾಕ್ಯ ಹಾಗೇ ನಿಂತ್ಕೊಳ್ತು. ಯಾವ ತಾಲ್ಲೂಕು ಹಾಕಿದ್ರೂ ನಿಲ್ಲುತ್ತೆ ಅಂದ್ರೆ ಅದು ಆ ತಾಲ್ಲೂಕಿನ ಬಗ್ಗೆ ಏನೂ ಹೇಳ್ತಿಲ್ಲ ಅಂತ ಅರ್ಥ. ಲೋಕದಲ್ಲಿ ಯಾರೂ ಅಧ್ಯಯನ ಮಾಡದ ಸಂಗತಿಗೆ ಕೊನೆಯೇ ಇಲ್ಲ. ಯಾರೂ ಮಾಡಿಲ್ಲ ಅಂದಾಗ ಓದುವವರ ಮನಸ್ಸಲ್ಲಿ ಏಳೋ ಪ್ರಶ್ನೆ ‘ಮಾಡದೇ ಇದ್ದಿದ್ದರಿಂದ ಏನಾಯ್ತು?’ ಅಂತ. ಅದಕ್ಕೆ ಉತ್ತರ ಆ ಪ್ಯಾರಾದಲ್ಲಿ ಇರಲಿಲ್ಲ. ತಾಲ್ಲೂಕು ಆಯ್ಕೆ ಮಾಡಬಾರದು ಅಂತಲ್ಲ. ಆ ತಾಲ್ಲೂಕಲ್ಲೇ ನೋಡಿದ್ರೆ ಬೇರೆ ಕಡೆ ಕಾಣದ್ದೇನೋ ಕಾಣುತ್ತೆ ಅನ್ನೋ ಕಾರಣ ಇದ್ರೆ ಮಾತ್ರ ಅದು ಗ್ಯಾಪ್‌ಗೆ ಸೇರುತ್ತೆ. ಇಲ್ಲಾಂದ್ರೆ ಅದು ಅಧ್ಯಯನದ ವ್ಯಾಪ್ತಿ ಅಷ್ಟೇ.

ವಾರ ಬಿಟ್ಟು ಎರಡನೇ ಸಲ ಬರ್ಕೊಂಡು ಬಂದ್ಲು. ಈ ಸಲ ಸಿಟ್ಟಿತ್ತು. ದಲಿತರ ಭೂಮಿ ಪ್ರಶ್ನೆಯನ್ನ ಅಕಾಡೆಮಿಕ್ ಲೋಕ ಪೂರ್ತಿ ಕಡೆಗಣಿಸಿದೆ, ಸಾವಿರಾರು ಕುಟುಂಬ ಬೀದಿಗೆ ಬಿದ್ದಿವೆ, ಆದ್ದರಿಂದ ಈ ಅಧ್ಯಯನ ಬೇಕು ಅಂತ. ನಮ್ಮ ಗೆಳೆಯರಿಗೆ ಓದಿ ಹೇಳಿದ್ರೆ ಚಪ್ಪಾಳೆ ಹೊಡೀತಾರೆ. ಆದ್ರೆ ಇದರಲ್ಲಿ ಎರಡು ತೊಡಕಿವೆ.

ಮೊದಲನೆಯದು, ‘ಪೂರ್ತಿ ಕಡೆಗಣಿಸಿದೆ’ ಅನ್ನೋದು. ವೈವಾದಲ್ಲಿ ಪರೀಕ್ಷಕರು ಒಂದೇ ಒಂದು ಲೇಖನದ ಹೆಸರು ಹೇಳಿದ್ರೂ ಆ ವಾಕ್ಯ ಬಿದ್ದುಹೋಗುತ್ತೆ. ಅದರ ಜೊತೆಗೆ ಪ್ರಸ್ತಾವನೆ ಮೇಲಿನ ನಂಬಿಕೆನೂ ಹೋಗುತ್ತೆ. ಭೂಮಿ ಬಗ್ಗೆ ಬರೆದವರಲ್ಲಿ ನಮ್ಮವರೇ ಇದ್ದಾರೆ. ಅವರ ಕೆಲಸವನ್ನೂ ‘ಇಲ್ಲ’ ಅಂದ ಹಾಗಾಗುತ್ತೆ.

ಎರಡನೆಯದು ಇನ್ನೂ ಮುಖ್ಯ, ಹೋರಾಟದಲ್ಲಿರೋ ನಾವು ಇದನ್ನ ನಿಧಾನವಾಗಿ ಅರ್ಥ ಮಾಡ್ಕೋಬೇಕು. ಸಮಸ್ಯೆ ಇದೆ ಅನ್ನೋದು ಬೇರೆ, ಗೊತ್ತಿಲ್ಲ ಅನ್ನೋದು ಬೇರೆ. ಕುಟುಂಬಗಳು ಭೂಮಿ ಕಳ್ಕೊಂಡಿವೆ ಅನ್ನೋದು ನಮಗೆಲ್ಲ ಗೊತ್ತು. ಗೊತ್ತಿರೋ ಅನ್ಯಾಯಕ್ಕೆ ಬೇಕಾಗಿರೋದು ಅರ್ಜಿ, ಧರಣಿ, ವಕೀಲರು. ಅದಕ್ಕೆ ಮಹಾಪ್ರಬಂಧ ಯಾಕೆ ಬೇಕು ಅಂತ ಕೇಳಿದ್ರೆ ತಪ್ಪಲ್ಲ. ಆ ಅನ್ಯಾಯದೊಳಗೆ ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲದ ಒಂದು ಭಾಗ ಇದೆ, ಅದು ಗೊತ್ತಾಗದೆ ಅರ್ಜಿ, ಧರಣಿ, ಕಾನೂನು ಯಾವುದೂ ಸರಿಯಾದ ಜಾಗಕ್ಕೆ ಮುಟ್ಟಲ್ಲ ಅಂತ ತೋರಿಸಿದಾಗ ಮಾತ್ರ ಸಂಶೋಧನೆ ಬೇಕು ಅನ್ನಿಸುತ್ತೆ. ನೋವು ಎಷ್ಟೇ ದೊಡ್ಡದಿರಲಿ, ಅದನ್ನ ಹೇಳಿದ ಮಾತ್ರಕ್ಕೆ ಈ ಕೆಲಸ ಆಗಲ್ಲ.

‘ಅಂದ್ರೆ ನಮ್ಮ ನೋವು ಬರೀಬಾರದಾ?’ ಅಂತ ಮುಖ ಸಣ್ಣ ಮಾಡ್ಕೊಂಡ್ಲು. ಆಗ ನಾನು ಬಾಬಾಸಾಹೇಬರ ‘ಭಾರತದಲ್ಲಿ ಜಾತಿಗಳು’ ಪ್ರಬಂಧ ತೆಗೆದು ಕೈಗಿಟ್ಟೆ. ನಾವೆಲ್ಲ ಇದನ್ನ ಜಾತಿಯ ಬಗ್ಗೆ ತಿಳಿಯೋಕೆ ಓದ್ತೀವಿ. ಒಂದು ಸಲ ಗ್ಯಾಪ್ ಹೇಗೆ ಕಟ್ಟಿದ್ದಾರೆ ಅಂತ ನೋಡೋಕೂ ಓದಿ.

1916ರ ಮೇ ತಿಂಗಳು, ಕೊಲಂಬಿಯಾ ವಿಶ್ವವಿದ್ಯಾಲಯ. ಮಾನವಶಾಸ್ತ್ರದ ಸೆಮಿನಾರ್‌ನಲ್ಲಿ ಓದಿದ ಪ್ರಬಂಧ ಅದು. ಬಾಬಾಸಾಹೇಬರಿಗೆ ಆಗ 25 ವರ್ಷ. ಜಾತಿ ಅವರಿಗೆ ಏನೇನು ಮಾಡಿತ್ತು ಅನ್ನೋದು ನಮಗೆಲ್ಲ ಗೊತ್ತಿದೆ. ಆದ್ರೆ ಆ ಪ್ರಬಂಧದಲ್ಲಿ ತಮ್ಮ ನೋವನ್ನ ಅವರು ಆಧಾರವಾಗಿ ಇಡಲಿಲ್ಲ. ಜಾತಿ ಬಗ್ಗೆ ಯಾರೂ ಬರೆದಿಲ್ಲ ಅಂತಲೂ ಅನ್ನಲಿಲ್ಲ. ಅದಕ್ಕೆ ಉಲ್ಟಾ, ನನಗಿಂತ ಸಮರ್ಥರು ಇದಕ್ಕೆ ಕೈ ಹಾಕಿದ್ದಾರೆ, ಆದ್ರೂ ಇದು ಇನ್ನೂ ಬಿಡಿಸದೆ ಉಳಿದಿದೆ ಅನ್ನೋ ಅರ್ಥದಲ್ಲಿ ಶುರು ಮಾಡ್ತಾರೆ.

ಆಮೇಲೆ ನಾಲ್ಕು ಜನರ ವ್ಯಾಖ್ಯೆ ಮುಂದಿಡ್ತಾರೆ: ಸೆನಾರ್ಟ್, ನೆಸ್‌ಫೀಲ್ಡ್, ರಿಸ್ಲೆ, ಕೇತ್ಕರ್. ಒಬ್ಬೊಬ್ಬರನ್ನೂ ಎಲ್ಲಿವರೆಗೆ ಬಂದ್ರು, ಎಲ್ಲಿ ನಿಂತ್ರು ಅಂತ ನೋಡ್ತಾರೆ. ಸೆನಾರ್ಟ್ ಮೈಲಿಗೆಯ ಕಲ್ಪನೆಯನ್ನ ಜಾತಿಯ ಲಕ್ಷಣ ಅಂದ್ರು. ಬಾಬಾಸಾಹೇಬರು ಹೇಳೋದು, ಜಾತಿಗೆ ಧರ್ಮದ ಬಣ್ಣ ಇರೋದ್ರಿಂದ ಮೈಲಿಗೆ ಅಂಟ್ಕೊಂಡಿದೆ, ಅದನ್ನ ಬಿಟ್ರೂ ಜಾತಿ ನಡೆಯುತ್ತೆ. ನೆಸ್‌ಫೀಲ್ಡ್ ಹೊರಗಿನವರ ಜೊತೆ ಊಟ ಮಾಡದಿರೋದನ್ನ ಲಕ್ಷಣ ಅಂದ್ರು. ಅದು ಪರಿಣಾಮವನ್ನ ಕಾರಣ ಅಂತ ತಿಳಿದಿದ್ದು ಅಂತಾರೆ. ರಿಸ್ಲೆ ಹೊಸದೇನೂ ಹೇಳಿಲ್ಲ ಅಂತ ಪಕ್ಕಕ್ಕಿಡ್ತಾರೆ. ಕೇತ್ಕರ್ ಮಾತ್ರ ಜಾತಿಯನ್ನ ಒಂದು ವ್ಯವಸ್ಥೆಯೊಳಗೆ ಇಟ್ಟು ನೋಡಿದ್ರು ಅಂತ ಮೆಚ್ಕೊಳ್ತಾರೆ. ಆದ್ರೆ ಕೇತ್ಕರ್ ಎರಡು ಅಂತ ಎಣಿಸಿದ ಲಕ್ಷಣಗಳು, ಅಂದ್ರೆ ಹೊರಗೆ ಮದುವೆ ಇಲ್ಲ ಅನ್ನೋದು ಮತ್ತು ಒಳಗೆ ಹುಟ್ಟಿದವರೇ ಸದಸ್ಯರು ಅನ್ನೋದು, ಒಂದೇ ನಾಣ್ಯದ ಎರಡು ಮುಖ ಅಂತ ತೋರಿಸ್ತಾರೆ. ಅಲ್ಲಿಗೆ ಒಂದೇ ಲಕ್ಷಣ ಉಳೀತು, ಒಳಮದುವೆ. ಒಳಮದುವೆಯೇ ಜಾತಿಯ ಮೂಲ ಅಂತಾದ್ರೆ ಅದನ್ನ ಕಾಪಾಡಿಕೊಂಡಿದ್ದು ಹೇಗೆ ಅನ್ನೋ ಪ್ರಶ್ನೆ ತಾನಾಗೇ ಏಳುತ್ತೆ. ಅಲ್ಲಿ ಸತಿ, ವಿಧವೆಯ ಮೇಲಿನ ಕಟ್ಟುಪಾಡು, ಬಾಲ್ಯವಿವಾಹ ಬರುತ್ತವೆ. ಈ ಪದ್ಧತಿಗಳನ್ನ ಯಾಕೆ ಗೌರವಿಸಿದ್ರು ಅಂತ ಹೇಳೋ ತತ್ವಜ್ಞಾನ ಬೇಕಾದಷ್ಟಿದೆ, ಅವು ಯಾಕೆ ಹುಟ್ಟಿದವು ಅಂತ ಹೇಳೋ ವಿವರಣೆ ತಮಗೆ ತಿಳಿದ ಮಟ್ಟಿಗೆ ಇಲ್ಲ ಅನ್ನೋ ಮಾತನ್ನ ಅವರು ಬರೆಯೋದು ಇಲ್ಲಿ.

‘ಇಲ್ಲ’ ಅನ್ನೋ ಆ ಮಾತಿಗೆ ಮುಂಚೆ ಎಷ್ಟು ಕೆಲಸ ಆಗಿದೆ ನೋಡಿ. ಮೊದಲು ಇರೋದನ್ನ ಒಪ್ಪಿದ್ರು. ಪ್ರತಿಯೊಬ್ಬರೂ ನಿಂತ ಜಾಗ ತೋರಿಸಿದ್ರು. ಯಾಕೆ ಅಲ್ಲಿ ನಿಂತ್ರು ಅನ್ನೋದನ್ನೂ ಹೇಳಿದ್ರು, ಬಿಡಿ ಜಾತಿಯನ್ನ ನೋಡಿದ್ರು, ವ್ಯವಸ್ಥೆಯನ್ನ ನೋಡಲಿಲ್ಲ ಅಂತ. ‘ನನಗೆ ತಿಳಿದ ಮಟ್ಟಿಗೆ’ ಅಂತ ಮಿತಿಯನ್ನೂ ಹಾಕಿದ್ರು. ಇಷ್ಟಾದ ಮೇಲೆ ಆ ಪ್ರಶ್ನೆ ಕೇಳಲೇಬೇಕು ಅಂತ ಓದುವವರಿಗೇ ಅನ್ನಿಸುತ್ತೆ.

ಹುಡುಗಿಗೆ ಇದು ಹಿಡಿಸ್ತು. ಓದಿದ್ದನ್ನೆಲ್ಲ ಮತ್ತೆ ತೆಗೆದು ಮೂರು ಗುಂಪು ಮಾಡಿದ್ಲು. ಮೊದಲನೆಯದು ವಕೀಲರು, ಕಾನೂನು ಅಧ್ಯಾಪಕರು ಬರೆದದ್ದು. ಎರಡನೆಯದು ಇಲಾಖೆಯ ವರದಿ, ಅಂಕಿ ಅಂಶ. ಮೂರನೆಯದು ಸಂಘಟನೆಗಳ ಕರಪತ್ರ, ಸತ್ಯಶೋಧನಾ ವರದಿ, ಪತ್ರಿಕೆಯ ಸುದ್ದಿ. ಒಂದು ದೊಡ್ಡ ಹಾಳೆ ತಗೊಂಡು ಮೂರು ಕಾಲಂ ಎಳೆದ್ಲು: ಏನು ತೋರಿಸುತ್ತೆ, ಎಲ್ಲಿ ನಿಲ್ಲುತ್ತೆ, ಯಾಕೆ ಅಲ್ಲೇ ನಿಲ್ಲುತ್ತೆ. ಒಂದೊಂದು ಬರಹಕ್ಕೂ ಮೂರು ಸಾಲು, ಅಷ್ಟೇ.

ಮೂರನೇ ಕಾಲಂ ತುಂಬೋದೇ ಕಷ್ಟ, ಸುಮಾರು ಜನ ಅದನ್ನ ಬಿಟ್ಟುಬಿಡ್ತಾರೆ. ಆದ್ರೆ ಗ್ಯಾಪ್ ಸಿಗೋದು ಅಲ್ಲೇ. ಕಾನೂನಿನ ಬರಹ ತೀರ್ಪಿಗೆ ನಿಲ್ಲುತ್ತೆ, ಯಾಕಂದ್ರೆ ಅವರ ಸಾಮಗ್ರಿ ತೀರ್ಪು. ಪರಭಾರೆ ಯಾವಾಗ ಅಸಿಂಧು, ಅರ್ಜಿ ಹಾಕೋಕೆ ಕಾಲಮಿತಿ ಇದೆಯಾ, ಇಂಥ ಪ್ರಶ್ನೆಗೆ ಅವರಲ್ಲಿ ಉತ್ತರ ಇದೆ. ಇಲಾಖೆಯ ಲೆಕ್ಕ ಎಷ್ಟು ಅರ್ಜಿ ಬಂತು, ಎಷ್ಟು ವಿಲೇವಾರಿ ಆಯ್ತು ಅಂತ ಹೇಳುತ್ತೆ. ಎಸಿ ಆದೇಶ ಆದ ದಿನ ಆ ಕಡತದ ಮಟ್ಟಿಗೆ ಪ್ರಕರಣ ಮುಗೀತು, ವಿಲೇವಾರಿ ಕಾಲಂನಲ್ಲಿ ಒಂದು ಸಂಖ್ಯೆ ಜಾಸ್ತಿ ಆಯ್ತು. ಆಮೇಲಿನದ್ದು ತಹಶೀಲ್ದಾರರ ಕಚೇರಿಯ ಇನ್ನೊಂದು ಕಡತ. ಪಹಣಿಯಲ್ಲಿ ಹೆಸರು ಬದಲಾಗಬೇಕು, ಸರ್ವೆಯವರು ಹದ್ದುಬಸ್ತು ಮಾಡಬೇಕು, ಮಹಜರ್ ಮಾಡಿ ಸ್ವಾಧೀನ ಕೊಡಬೇಕು. ಎದುರುಗಡೆಯವರು ಡಿಸಿ ಹತ್ತಿರ ಮೇಲ್ಮನವಿ ಹಾಕಬಹುದು, ಹೈಕೋರ್ಟ್‌ನಿಂದ ತಡೆಯಾಜ್ಞೆ ತರಬಹುದು. ಇವನ್ನೆಲ್ಲ ಎರಡು ಕಡತ ಜೋಡಿಸಿ ನೋಡಿದ್ರೆ ಮಾತ್ರ ಕಾಣುತ್ತೆ.

ಮೂರನೇ ಗುಂಪು, ಅಂದ್ರೆ ನಮ್ಮ ಸಂಘಟನೆಗಳ ಕಾಗದ, ಆದೇಶದಾಚೆಗೂ ಹೋಗಿದೆ. ಆದೇಶ ಕೈಯಲ್ಲಿದ್ದೂ ಭೂಮಿಗೆ ಕಾಲಿಡೋಕಾಗದ ಕುಟುಂಬಗಳ ಕಥೆ ಅಲ್ಲಿದೆ. ಆದ್ರೆ ಅವು ಬಿಡಿ ಪ್ರಕರಣ. ನಮ್ಮ ಹತ್ತಿರ ಬಂದವರದ್ದು ಮಾತ್ರ ನಾವು ಬರೆದಿದ್ದೀವಿ. ಸದ್ದಿಲ್ಲದೆ ಭೂಮಿ ಸಿಕ್ಕವರು ನಮ್ಮ ಬಾಗಿಲಿಗೆ ಬರಲ್ಲ, ಕೈಚೆಲ್ಲಿ ಕೂತವರೂ ಬರಲ್ಲ. ಹಾಗಾಗಿ ಎಷ್ಟರಲ್ಲಿ ಎಷ್ಟು ನಿಂತಿದೆ, ಹೆಚ್ಚಾಗಿ ಯಾವ ಹಂತದಲ್ಲಿ ನಿಲ್ಲುತ್ತೆ ಅಂತ ನಮ್ಮ ಕಾಗದ ನೋಡಿ ಹೇಳೋಕಾಗಲ್ಲ. ನಮ್ಮ ಬರಹದ ಮಿತಿಯನ್ನೂ ಅವಳು ಆ ಕಾಲಂನಲ್ಲಿ ಬರೆದ್ಲು. ನನಗೇನೂ ಬೇಜಾರಾಗಲಿಲ್ಲ.

ಈ ಮಧ್ಯೆ ಒಂದೂರಿಗೆ ಹೋಗಿದ್ದಾಗ ಒಬ್ಬ ಅಜ್ಜಿ ಅವಳಿಗೆ ಹೇಳಿದ್ರಂತೆ: ‘ಆದೇಶ ಬಂದೈತೆ ಅಂತ ನಂಗೂ ಗೊತ್ತು, ನಿಂಗೂ ಗೊತ್ತು ಕಣವ್ವ. ಭೂಮಿ ಯಾಕ್ ಬರ್ಲಿಲ್ಲ ಅಂತ ಯಾರಿಗ್ ಗೊತ್ತು ಹೇಳು.’ ಮೂರು ಕಾಲಂನಲ್ಲಿ ಕಂಡಿದ್ದನ್ನೇ ಅಜ್ಜಿ ಒಂದು ಮಾತಲ್ಲಿ ಹೇಳಿದ್ರು. ಆದ್ರೆ ಅಜ್ಜಿಯ ಮಾತು ಒಂದನ್ನೇ ಇಟ್ಟು ಗ್ಯಾಪ್ ಅನ್ನೋಕಾಗಲ್ಲ, ಬೇರೆ ಯಾರಿಗೂ ಗೊತ್ತಿಲ್ಲ ಅನ್ನೋದನ್ನ ಆ ಹಾಳೆಯೇ ತೋರಿಸಬೇಕು. ಎರಡೂ ಒಂದೇ ಕಡೆ ಕೈ ತೋರಿಸಿದಾಗ ಧೈರ್ಯ ಬಂತು.

ಇನ್ನು ‘ಗೊತ್ತಿಲ್ಲದಿದ್ರೆ ಏನಾಯ್ತು?’ ಅನ್ನೋ ಪ್ರಶ್ನೆ. ಇಲ್ಲಿ 2017 ಮತ್ತು 2023 ಬರುತ್ತವೆ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆಯಲ್ಲಿ ಕಾಲಮಿತಿ ಬರೆದಿಲ್ಲದಿದ್ರೂ ಅರ್ಜಿಯನ್ನ ಸಮಂಜಸ ಅವಧಿಯೊಳಗೆ ಹಾಕಬೇಕು ಅಂತು. ಆಮೇಲೆ ತಡ ಆಯ್ತು ಅನ್ನೋ ಕಾರಣಕ್ಕೇ ಪ್ರಕರಣಗಳು ಬೀಳತೊಡಗಿದವು. ನಮ್ಮವರು ಬೀದಿಗಿಳಿದ್ರು, 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿ, ಅರ್ಜಿಗೆ ಕಾಲಮಿತಿ ಇಲ್ಲ ಅಂತ ಸೇರಿಸಲಾಯ್ತು. ಇದು ಗೆಲುವೇ. ಆದ್ರೆ ತಿದ್ದುಪಡಿ ತೆಗೆಯೋಕೆ ಬಂದಿದ್ದು ಬಾಗಿಲಲ್ಲಿದ್ದ ಅಡ್ಡಿಯನ್ನ. ಒಳಗೆ ಹೋಗಿ ಆದೇಶ ತಗೊಂಡ ಮೇಲೆ ಭೂಮಿ ಸಿಗೋವರೆಗಿನ ದಾರಿ ಗೊತ್ತಿಲ್ಲದೆ, ಆ ತಿದ್ದುಪಡಿಯಿಂದ ಎಷ್ಟು ಭೂಮಿ ವಾಪಸ್ ಬರುತ್ತೆ ಅಂತ ಹೇಳೋದು ಹೇಗೆ? ಮುಂದಿನ ಹೋರಾಟ ಯಾವ ಕಚೇರಿ ಮುಂದೆ ಮಾಡಬೇಕು ಅಂತ ತಿಳಿಯೋದು ಹೇಗೆ? ಗೊತ್ತಿಲ್ಲದಿರೋದಕ್ಕೆ ಇಂಥ ಬೆಲೆ ಇದೆ ಅಂತ ತೋರಿಸಿದಾಗಲೇ ಅಧ್ಯಯನ ಬೇಕು ಅನ್ನೋ ಮಾತಿಗೆ ಕಾಲು ಬರೋದು.

ಅವಳ ಕೊನೆಯ ಪ್ಯಾರಾ ಇದು. ಅವಳನ್ನ ಕೇಳಿಯೇ ಹಾಕ್ತಿದ್ದೀನಿ.

‘ಪಿಟಿಸಿಎಲ್ ಕಾಯ್ದೆ ಕುರಿತ ಕಾನೂನು ಬರಹಗಳು ಪರಭಾರೆ ಯಾವಾಗ ಅಸಿಂಧುವಾಗುತ್ತದೆ, ಅರ್ಜಿಗೆ ಕಾಲಮಿತಿ ಇದೆಯೇ ಎಂಬ ಪ್ರಶ್ನೆಗಳನ್ನು ವಿವರವಾಗಿ ಚರ್ಚಿಸಿವೆ. ಇಲಾಖೆಯ ವರದಿಗಳು ಸಲ್ಲಿಕೆಯಾದ ಮತ್ತು ವಿಲೇವಾರಿಯಾದ ಅರ್ಜಿಗಳ ಲೆಕ್ಕ ಕೊಡುತ್ತವೆ. ಇವೆರಡೂ ಆದೇಶದ ದಿನಕ್ಕೆ ನಿಲ್ಲುತ್ತವೆ. ಸಂಘಟನೆಗಳ ದಾಖಲೆಗಳು ಆದೇಶದಾಚೆಗೆ ಹೋಗುತ್ತವೆ. ಆದರೆ ಬಿಡಿ ಪ್ರಕರಣಗಳಾಗಿರುವುದರಿಂದ, ಆದೇಶಕ್ಕೂ ಸ್ವಾಧೀನಕ್ಕೂ ನಡುವೆ ಪ್ರಕರಣಗಳು ಹೆಚ್ಚಾಗಿ ಯಾವ ಹಂತದಲ್ಲಿ, ಯಾವ ಕಾರಣಕ್ಕೆ ನಿಲ್ಲುತ್ತವೆ ಎಂಬುದನ್ನು ಅವುಗಳಿಂದ ತಿಳಿಯಲಾಗದು. ಆ ಹಂತವನ್ನು ಪ್ರಕರಣವಾರು ಹಿಂಬಾಲಿಸಿದ ಅಧ್ಯಯನ ನನ್ನ ಹುಡುಕಾಟದ ಮಿತಿಯಲ್ಲಿ ಸಿಕ್ಕಿಲ್ಲ. 2023ರ ತಿದ್ದುಪಡಿ ಕಾಲಮಿತಿಯ ತೊಡಕನ್ನು ನಿವಾರಿಸಲು ಬಂದದ್ದು. ಆದೇಶದ ನಂತರ ಏನಾಗುತ್ತದೆ ಎಂದು ತಿಳಿಯದೆ ಆ ತಿದ್ದುಪಡಿಯ ಫಲವನ್ನು ಅಳೆಯಲಾಗದು. ಆದ್ದರಿಂದ ಈ ಅಧ್ಯಯನವು ಒಂದು ತಾಲ್ಲೂಕಿನ ಮರುಸ್ಥಾಪನಾ ಆದೇಶಗಳನ್ನು ಆದೇಶದ ದಿನದಿಂದ ಇಂದಿನ ಸಾಗುವಳಿದಾರರವರೆಗೆ ಹಿಂಬಾಲಿಸುತ್ತದೆ.’

ಇದರಲ್ಲಿ ‘ಸಮಗ್ರ’ ಇಲ್ಲ, ‘ಮೊಟ್ಟಮೊದಲ’ ಇಲ್ಲ. ಸಿಟ್ಟಿನ ಒಂದು ಪದನೂ ಇಲ್ಲ. ಆದ್ರೂ ಓದಿದ್ರೆ ಸಿಟ್ಟು ಬರುತ್ತೆ. ತಾಲ್ಲೂಕು ಯಾಕೆ ಅನ್ನೋದಕ್ಕೂ ಈಗ ಕಾರಣ ಇದೆ: ಎಸಿ ಕಡತವನ್ನೂ ತಹಶೀಲ್ದಾರ್ ಕಡತವನ್ನೂ ಪಹಣಿಯನ್ನೂ ಒಂದೊಂದಾಗಿ ಜೋಡಿಸಬೇಕಾದ್ರೆ ಒಬ್ಬಳಿಂದ ಒಂದು ತಾಲ್ಲೂಕಿನ ಮಟ್ಟಿಗೆ ಆಗೋ ಕೆಲಸ ಅದು.

‘ನನ್ನ ಹುಡುಕಾಟದ ಮಿತಿಯಲ್ಲಿ’ ಅನ್ನೋದನ್ನ ತಪ್ಪಿಸಿಕೊಳ್ಳೋ ಮಾತು ಅಂದ್ಕೋಬೇಡಿ. ಮುಂದಿನ ಅಧ್ಯಾಯದಲ್ಲಿ ಆ ಮಿತಿ ಏನು ಅಂತ ಬರೆದಿದ್ರೆ ಅದಕ್ಕೆ ತೂಕ ಬರುತ್ತೆ. ಎಲ್ಲಿ ಹುಡುಕಿದೆ, ಯಾವ ಪದ ಹಾಕಿ ಹುಡುಕಿದೆ, ಯಾವ ತಿಂಗಳವರೆಗೆ ಹುಡುಕಿದೆ. ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನ ಇಡೋ ಶೋಧಗಂಗಾದಲ್ಲಿ ಅವಳು PTCL ಅಂತ ಮಾತ್ರ ಹಾಕಿದಾಗ ಸಿಕ್ಕಿದ್ದು ಕಡಿಮೆ. ಕಾಯ್ದೆಯ ಪೂರ್ತಿ ಹೆಸರು, granted land, ಕನ್ನಡದಲ್ಲಿ ‘ಪರಭಾರೆ’, ‘ದಲಿತರ ಭೂಮಿ’ ಅಂತ ಬೇರೆ ಬೇರೆ ಹಾಕಿದಾಗ ಇನ್ನಷ್ಟು ಬಂತು. ಬೇರೆ ವಿಷಯದ ಪ್ರಬಂಧದೊಳಗೆ ಒಂದು ಅಧ್ಯಾಯವಾಗಿ ಅಡಗಿರೋದೂ ಉಂಟು. ಒಂದೇ ಪದ ಹಾಕಿ ಏನೂ ಸಿಗಲಿಲ್ಲ ಅಂದ್ರೆ ಬರಹ ಇಲ್ಲ ಅಂತಲ್ಲ, ಆ ಪದ ಸರಿ ಇಲ್ಲ ಅಂತ.

ಇಷ್ಟು ಚೆನ್ನಾಗಿ ಬರೆದ ಮೇಲೂ ಒಂದು ಕಡೆ ಎಡವೋದುಂಟು. ಗ್ಯಾಪ್ ಒಂದು ಕಡೆ, ಅಧ್ಯಯನ ಇನ್ನೊಂದು ಕಡೆ ಹೋಗಿಬಿಡುತ್ತೆ. ಈ ಹುಡುಗಿಯ ಪ್ರಶ್ನಾವಳಿ ಮೊದಲೇ ತಯಾರಾಗಿತ್ತು. ‘ನಿಮಗೆ ಪಿಟಿಸಿಎಲ್ ಕಾಯ್ದೆಯ ಅರಿವು ಇದೆಯೇ? ಹೌದು / ಇಲ್ಲ’ ಅಂತ ಶುರುವಾಗಿ ಪುಟಗಟ್ಟಲೆ ಅರಿವಿನ ಪ್ರಶ್ನೆಗಳು. ಪ್ಯಾರಾದಲ್ಲಿ ಆದೇಶದ ನಂತರ ಏನಾಗುತ್ತೆ ಅಂತ ಕೇಳಿ, ಹಳ್ಳಿಯಲ್ಲಿ ಅರಿವು ಅಳೆದ್ರೆ ಪರೀಕ್ಷಕರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಕೂಡಲೇ ಸಿಕ್ಕಿಬೀಳ್ತೀವಿ. ನೀವೇ ಮೊದಲು ಹಾಗೆ ಇಟ್ಟು ನೋಡಿ. ಗ್ಯಾಪ್ ಪ್ಯಾರಾದಲ್ಲಿ ಗೊತ್ತಿಲ್ಲ ಅಂದ ಪ್ರತಿಯೊಂದಕ್ಕೂ ಉತ್ತರ ತರೋ ಪ್ರಶ್ನೆ ಅಥವಾ ದಾಖಲೆ ನಿಮ್ಮ ಹತ್ತಿರ ಇದೆಯಾ? ಅವಳು ಪ್ರಶ್ನಾವಳಿಯ ಹೆಚ್ಚಿನ ಭಾಗ ತೆಗೆದು, ಪ್ರತಿ ಪ್ರಕರಣಕ್ಕೂ ಒಂದು ಹಾಳೆ ಮಾಡ್ಕೊಂಡ್ಲು: ಆದೇಶದ ದಿನ, ಮೇಲ್ಮನವಿ ಇದ್ರೆ ಅದರ ದಿನ, ಪಹಣಿಯಲ್ಲಿ ಹೆಸರು ಬದಲಾದ ದಿನ, ಸ್ವಾಧೀನದ ಮಹಜರ್ ದಿನ, ಇವತ್ತು ಉಳ್ತಿರೋರು ಯಾರು. ಎಲ್ಲಿ ದಿನಾಂಕದ ಜಾಗ ಖಾಲಿ ಇದೆಯೋ ಅಲ್ಲಿ ಕೂತು ಆ ಕುಟುಂಬದ ಜೊತೆ ಮಾತಾಡೋದು.

ಈ ಅಧ್ಯಯನಕ್ಕೂ ಮಿತಿ ಇದೆ. ಅರ್ಜಿಯನ್ನೇ ಹಾಕದ ಕುಟುಂಬಗಳ ಬಗ್ಗೆ ಇದು ಏನೂ ಹೇಳಲ್ಲ. ಆದೇಶ ಬಂದ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಸಿಕ್ತಾ ಅನ್ನೋದು ಇನ್ನೊಂದು ದೊಡ್ಡ ಪ್ರಶ್ನೆ. ಅದನ್ನೂ ಸೇರಿಸ್ತೀನಿ ಅಂತ ಅವಳಿಗೆ ಆಸೆ ಇತ್ತು. ಆದ್ರೆ ನಾಲ್ಕು ಗ್ಯಾಪ್ ಪಟ್ಟಿ ಮಾಡಿದ್ರೆ ಒಂದನ್ನೂ ತುಂಬೋಕಾಗಲ್ಲ, ಓದುವವರಿಗೂ ಯಾವುದು ಮುಖ್ಯ ಅಂತ ತಿಳಿಯಲ್ಲ. ಅದನ್ನ ಮುಂದಿನವರಿಗೆ ಅಂತ ಕೊನೆಯ ಅಧ್ಯಾಯಕ್ಕೆ ಇಟ್ಕೊಂಡಿದ್ದಾಳೆ.

ನೀವು ಬರೀತಿರೋವಾಗಲೇ ಬೇರೆ ಯಾರೋ ಅದೇ ವಿಷಯದ ಮೇಲೆ ಲೇಖನ ಪ್ರಕಟಿಸಬಹುದು. ‘ಯಾರೂ ಮಾಡಿಲ್ಲ’ ಅಂತ ಬರೆದಿದ್ರೆ ಆವತ್ತಿಗೆ ನಿಮ್ಮ ಗ್ಯಾಪ್ ಸತ್ತುಹೋಯ್ತು. ‘ಇವರು ಇಲ್ಲಿವರೆಗೆ ಬಂದಿದ್ದಾರೆ’ ಅಂತ ಬರೆದಿದ್ರೆ ಹೊಸಬರು ಎಲ್ಲಿವರೆಗೆ ಬಂದ್ರು ಅಂತ ಇನ್ನೊಂದು ಸಾಲು ಸೇರಿಸಿದ್ರೆ ಆಯ್ತು. ಪ್ರಬಂಧ ಸಲ್ಲಿಸೋ ಮುಂಚಿನ ತಿಂಗಳು ಅದೇ ಪದಗಳನ್ನ ಹಾಕಿ ಇನ್ನೊಂದು ಸಲ ಹುಡುಕಿ.

ಹುಡುಗಿ ಈಗ ತಹಶೀಲ್ದಾರ್ ಕಚೇರಿಯ ಮ್ಯುಟೇಶನ್ ದಾಖಲೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದಾಳೆ. ಆ ಅರ್ಜಿಯಲ್ಲಿ ಯಾವ ಯಾವ ದಿನಾಂಕ ಬೇಕು ಅಂತ ಬರೆಯೋಕೆ ಹತ್ತು ನಿಮಿಷನೂ ಹಿಡೀಲಿಲ್ಲ, ಪ್ಯಾರಾ ನೋಡ್ಕೊಂಡೇ ಬರೆದ್ಲು.

ಜೈ ಭೀಮ್.